ಇಪ್ಪತ್ತು ರೂಮ್ ಫುಲ್ ಅಂದರೆ ಎಷ್ಟು ರೂಮ್ ಮಾರಾಟ?

ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದ ಹತ್ತಿರ 24 ರೂಮಿನ ಒಂದು ಹೋಟೆಲ್. ಲೆಕ್ಕ ನೋಡಲು ನನ್ನನ್ನು ಕರೆದಿದ್ದರು. ಭಾನುವಾರ ಬೆಳಿಗ್ಗೆ ಮ್ಯಾನೇಜರ್ ಫೋನಿಗೆ ರಿಸೆಪ್ಷನ್‌ನಿಂದ ಮೆಸೇಜ್ ಬಂತು: "ಸರ್, ನಿನ್ನೆ 20 ರೂಮ್ ಫುಲ್. ಕಲೆಕ್ಷನ್ 41,000." ಅವರು ನಿಂತಲ್ಲೇ ಭಾಗಿಸಿದರು. ಆಕ್ಯುಪೆನ್ಸಿ, ಅಂದರೆ ಒಟ್ಟು ರೂಮಿನಲ್ಲಿ ತುಂಬಿದ ಪಾಲು, 83 ಪರ್ಸೆಂಟ್; ಸರಾಸರಿ ರೂಮ್ ದರ 2,050 ರೂಪಾಯಿ. "ಶನಿವಾರದ ರೇಟು ಇನ್ನೂರು ಏರಿಸಬಹುದು ಅಲ್ವಾ ಮೇಡಂ?" ಎಂದು ಕೇಳಿದರು.

ನನಗೆ ಆ 2,050 ನೋಡಿದ ಕೂಡಲೇ ಅನುಮಾನ ಬಂತು. ಅವರ ಬೋರ್ಡಿನಲ್ಲಿ ಇದ್ದ ದರವೇ 1,800. ಅತಿ ಹೆಚ್ಚಿನ ದರಕ್ಕಿಂತ ಸರಾಸರಿ ಜಾಸ್ತಿ ಬರುವುದು ಹೇಗೆ? ಹೀಗೆ ಬಂದರೆ ರೂಮ್ ಬಾಡಿಗೆಯಲ್ಲದ ಹಣ ಒಳಗೆ ಸೇರಿದೆ ಎಂದೇ ಅರ್ಥ.

ರಿಜಿಸ್ಟರ್ ತೆಗೆದು ಕೂತೆವು. 20ರಲ್ಲಿ ಒಂದು ರೂಮು ಮಾಲೀಕರ ನೆಂಟರಿಗೆ ಬಿಟ್ಟಿ ಕೊಟ್ಟದ್ದು. ಇನ್ನೊಂದರಲ್ಲಿ ಅಡುಗೆಯವರು ಮಲಗಿದ್ದರು. ಎರಡು ರೂಮಿನವರು ಬೆಳಿಗ್ಗೆ ಬಂದು ಸ್ನಾನ ಮಾಡಿ, ಚಾಮುಂಡಿ ಬೆಟ್ಟ ನೋಡಿಕೊಂಡು ಸಂಜೆಗೇ ಹೊರಟಿದ್ದರು. ರಾತ್ರಿ ಉಳಿದು ಹಣ ಕೊಟ್ಟ ರೂಮು 16 ಮಾತ್ರ.

ಹಣದ ಕಡೆಯೂ ಹಾಗೆಯೇ. 41,000ದಲ್ಲಿ 8,000 ದಸರಾ ಬುಕಿಂಗ್‌ನ ಅಡ್ವಾನ್ಸ್. 3,495 ಊಟದ ಬಿಲ್ಲು. 1,405 ಜಿಎಸ್‌ಟಿ. ಸಂಜೆಗೇ ಹೋದ ಎರಡು ರೂಮಿನದು 1,400. ಉಳಿದ 26,700 ಮಾತ್ರ ಆ ರಾತ್ರಿಯ ಬಾಡಿಗೆ: ನೇರವಾಗಿ ಬಂದವರು 9 ರೂಮಿಗೆ 1,800ರಂತೆ, ಆನ್‌ಲೈನ್‌ನಲ್ಲಿ ಬುಕ್ ಮಾಡಿ ಇಲ್ಲೇ ಹಣ ಕೊಟ್ಟವರು 7 ರೂಮಿಗೆ 1,500ರಂತೆ.

ಈಗ ಭಾಗಿಸಿ. 26,700ನ್ನು 16ರಿಂದ ಭಾಗಿಸಿದರೆ ಸರಾಸರಿ ದರ 1,669. 16ನ್ನು 24ರಿಂದ ಭಾಗಿಸಿದರೆ ಆಕ್ಯುಪೆನ್ಸಿ 67 ಪರ್ಸೆಂಟ್. ಶನಿವಾರ ರಾತ್ರಿ ಮೂರರಲ್ಲಿ ಒಂದು ರೂಮಿಗೆ ಬಾಡಿಗೆಯೇ ಬಂದಿಲ್ಲ. ರೇಟು ಏರಿಸುವ ಮಾತು ಅಲ್ಲಿಗೇ ನಿಂತಿತು.

ಜಿಎಸ್‌ಟಿ ನಮ್ಮ ಹಣವಲ್ಲ, ಕಟ್ಟಬೇಕಾದದ್ದು. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಅದು 12ರಿಂದ 5 ಪರ್ಸೆಂಟಿಗೆ ಇಳಿದಿದೆ. ತೆರಿಗೆ ಸೇರಿಸಿಯೇ ಸರಾಸರಿ ಬರೆಯುತ್ತಿದ್ದವರಿಗೆ, ಬಾಡಿಗೆ ಒಂದು ರೂಪಾಯಿ ಬದಲಾಗದಿದ್ದರೂ ಆ ದಿನ ಸರಾಸರಿ ಬಿದ್ದಂತೆ ಕಾಣುತ್ತದೆ. ಆನ್‌ಲೈನ್ ಕಂಪನಿಯ ಕಮಿಷನ್ ಬೇರೆ ವಿಷಯ. ಅದು ಖರ್ಚು. ಅತಿಥಿ ಕೊಟ್ಟ ಬಾಡಿಗೆಯನ್ನೇ ಬರೆಯಿರಿ. ಒಂದು ದಿನ ಕಮಿಷನ್ ಕಳೆದು, ಇನ್ನೊಂದು ದಿನ ಕಳೆಯದೆ ಬರೆದರೆ ಎರಡು ದಿನವನ್ನು ಹೋಲಿಸಲು ಆಗುವುದಿಲ್ಲ.

ಆ ದಿನ ಎರಡು ರೂಮಿನ ಗೋಡೆ ಸೋರಿ ಬೀಗ ಹಾಕಿದ್ದರು. "ಅವನ್ನು ಬಿಟ್ಟು 22ರಿಂದ ಭಾಗಿಸೋಣ" ಎಂದರು ಮ್ಯಾನೇಜರ್. ಆಗ 73 ಪರ್ಸೆಂಟ್ ಬರುತ್ತದೆ ನಿಜ. ಆದರೆ ಸೋರುವ ರೂಮಿನಿಂದ ಆಗುವ ನಷ್ಟ ರಿಪೋರ್ಟಿನಿಂದಲೇ ಮಾಯವಾಗುತ್ತದೆ. ಆಮೇಲೆ ಪ್ಲಂಬರ್‌ನನ್ನು ಕರೆಯುವ ಅವಸರ ಯಾರಿಗೂ ಇರುವುದಿಲ್ಲ. ಅದಕ್ಕೇ 24ರಿಂದಲೇ ಭಾಗಿಸಿ, ಬೀಗ ಹಾಕಿದ ರೂಮನ್ನು ಪಕ್ಕದಲ್ಲಿ ಬರೆಯಿಸುತ್ತೇನೆ. ಈಗ ಅವರಿಗೆ ಬೆಳಿಗ್ಗೆ ಎಂಟಕ್ಕೆ ಬರುವ ಮೆಸೇಜ್ ಇಷ್ಟೇ:

"ಶನಿವಾರ. ಒಟ್ಟು 24. ಮಾರಾಟ 16. ಬಿಟ್ಟಿ 1, ಸಿಬ್ಬಂದಿ 1, ರಿಪೇರಿ 2, ಖಾಲಿ 4. ಬಾಡಿಗೆ 26,700. ಆಕ್ಯುಪೆನ್ಸಿ 67, ಸರಾಸರಿ 1,669. ಹಗಲು ಮಾತ್ರ 2 ರೂಮು, 1,400."

16, 1, 1, 2, 4 ಕೂಡಿದರೆ 24 ಬರಲೇಬೇಕು. ಹಗಲಿಗೆ ಮಾತ್ರ ಕೊಟ್ಟ ರೂಮು ಈ ಕೂಡಿಕೆಗೆ ಬರುವುದಿಲ್ಲ. ಅವನ್ನೂ ಸೇರಿಸುತ್ತಾ ಹೋದರೆ, ರಜೆಯ ದಿನ ಆಕ್ಯುಪೆನ್ಸಿ ನೂರು ದಾಟಿಬಿಡುತ್ತದೆ.

ಹೋಲಿಕೆ ಮಾಡುವಾಗ ಶನಿವಾರಕ್ಕೆ ಹಿಂದಿನ ಶನಿವಾರವನ್ನೇ ನೋಡಿ. ಬೆಂಗಳೂರಿನವರು ಭಾನುವಾರ ಸಂಜೆ ಹೊರಟುಬಿಡುತ್ತಾರೆ, ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ. ದಸರೆಯಲ್ಲಂತೂ ತಾರೀಖು ನೋಡಲೇಬೇಡಿ. ಜಂಬೂ ಸವಾರಿ 2024ರಲ್ಲಿ ಅಕ್ಟೋಬರ್ 12ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೆ. ಸವಾರಿಗೆ ಎಷ್ಟು ದಿನ ಮುಂಚೆ ಎಂದು ಹಿಂದಕ್ಕೆ ಎಣಿಸಿ. 2025ರಲ್ಲಿ ದಸರಾ 11 ದಿನ ನಡೆದದ್ದರಿಂದ ಮೊದಲ ದಿನದಿಂದ ಎಣಿಸಿದರೂ ತಾಳೆಯಾಗುವುದಿಲ್ಲ.

ಇನ್ನೊಂದು ಅಭ್ಯಾಸ ಮಾಡಿಸಿದ್ದೇನೆ. ಬೆಳಿಗ್ಗೆ ಏಳು ಗಂಟೆಗೆ ರೂಮ್ ಬಾಯ್ ಪ್ರತಿ ಮಹಡಿ ಸುತ್ತಿ ಯಾವ ರೂಮಿನಲ್ಲಿ ಜನ ಇದ್ದಾರೆ ಎಂದು ಚೀಟಿ ಬರೆಯುತ್ತಾನೆ. ರಿಸೆಪ್ಷನ್ ಪಟ್ಟಿ ಅವನಿಗೆ ತೋರಿಸುವುದಿಲ್ಲ. ಎರಡೂ ತಾಳೆಯಾದ ಮೇಲೆಯೇ ಮೆಸೇಜ್ ಹೋಗುತ್ತದೆ. ಚೀಟಿಯಲ್ಲಿ ಜನ ಇದ್ದು ಪಟ್ಟಿಯಲ್ಲಿ ಖಾಲಿ ಎಂದಿದ್ದರೆ, ಮ್ಯಾನೇಜರ್ ಮೊದಲು ಆ ರೂಮಿನ ಬಾಗಿಲು ತಟ್ಟುತ್ತಾರೆ.