ಪದ ಪರಿಚಯ: ಕಲರ್ ಪ್ಯಾಲೆಟ್ (ಸಾವಯವ ಪ್ಯಾಕೆಟ್‌ಗೆ ಬಣ್ಣ ಆರಿಸುವುದು)

ಕಲರ್ ಪ್ಯಾಲೆಟ್ ಅಂದರೆ ಒಂದು ಬ್ರ್ಯಾಂಡ್ ಎಲ್ಲ ಕಡೆ ಬಳಸುವ ನಾಲ್ಕೈದು ಬಣ್ಣಗಳ ಗುಂಪು. ಪ್ಯಾಕೆಟ್, ಅಂಗಡಿ ಬೋರ್ಡು, ಬಿಲ್ಲು, ವಾಟ್ಸಾಪ್‌ನಲ್ಲಿ ಕಳಿಸುವ ಪೋಸ್ಟರ್, ಎಲ್ಲದರಲ್ಲೂ ಅವೇ ಬಣ್ಣ ಇರಬೇಕು. ಯಾವುದು ಹಿನ್ನೆಲೆಗೆ, ಯಾವುದು ಅಕ್ಷರಕ್ಕೆ, ಯಾವುದಕ್ಕೆ ಎಷ್ಟು ಜಾಗ ಅನ್ನುವುದೂ ಮೊದಲೇ ಗೊತ್ತಾಗಿರಬೇಕು. ಅದು ಗೊತ್ತಿಲ್ಲದಿದ್ದರೆ ಒಳ್ಳೆಯ ಬಣ್ಣಗಳೇ ಒಂದರ ಮೇಲೊಂದು ಬಿದ್ದು ಪ್ಯಾಕೆಟ್ ಹಾಳಾಗುತ್ತದೆ.

ಒಂದು ಉದಾಹರಣೆ ಹಿಡಿದು ನೋಡೋಣ. ಹೊಸದುರ್ಗದ ಕಡೆಯ ರೈತರ ಗುಂಪೊಂದು ಸಾವಯವ ನವಣೆ, ಸಾಮೆ, ರಾಗಿ ಮತ್ತು ಬೆಲ್ಲವನ್ನು ದಾವಣಗೆರೆಯ ಅಂಗಡಿಗಳಿಗೆ ಕೊಡಲು ಹೊರಟಿದೆ ಅಂದುಕೊಳ್ಳಿ. ಪ್ಯಾಕೆಟ್ ಯಾವ ಬಣ್ಣದ್ದಿರಬೇಕು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಹೇಳುವುದು ಹಸಿರು. ಸಾವಯವ ಅಂದ ಕೂಡಲೇ ಎಲೆ, ಎಲೆ ಅಂದ ಕೂಡಲೇ ಹಸಿರು. ನನಗೆ ಈ ಆಯ್ಕೆ ಒಪ್ಪಿಗೆ ಇಲ್ಲ. ಕಾರಣ ನಮ್ಮ ದಾವಣಗೆರೆಯಲ್ಲೇ ಇದೆ.

ಇದು ಮೆಕ್ಕೆಜೋಳ, ಭತ್ತ, ಅಡಿಕೆ ಬೆಳೆಯುವ ಸೀಮೆ. ಇಲ್ಲಿನ ಗೊಬ್ಬರದಂಗಡಿಗೆ ಹೋದರೆ ಬೀಜದ ಪ್ಯಾಕೆಟ್‌ನಿಂದ ಕೀಟನಾಶಕದ ಡಬ್ಬಿವರೆಗೆ ಕಣ್ಣಿಗೆ ಹೊಡೆಯುವ ಎಲೆಹಸಿರು ಎಲ್ಲೆಲ್ಲೂ ಕಾಣುತ್ತದೆ. ಕೀಟನಾಶಕದ ಡಬ್ಬಿ ಮೇಲೆ ವಜ್ರದ ಆಕಾರದ ಒಂದು ಗುರುತು ಕಡ್ಡಾಯ. ಅದರ ಕೆಳಗಿನ ಅರ್ಧದ ಬಣ್ಣ ವಿಷ ಎಷ್ಟು ಅಂತ ಹೇಳುತ್ತದೆ. ಕೆಂಪು ಇದ್ದರೆ ಅತಿ ಹೆಚ್ಚು, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೂ ವಿಷವೇ, ಪ್ರಮಾಣ ಕಡಿಮೆ ಅಷ್ಟೇ. ಹೊಲಕ್ಕೆ ಎಣ್ಣೆ ಹೊಡೆದು ಗೊತ್ತಿರುವ ಮನೆಯವರು ದಿನಸಿ ಕೊಳ್ಳಲು ಬಂದಾಗ, ಎಲೆಹಸಿರು ಬಣ್ಣದ ಕಾಳಿನ ಪ್ಯಾಕೆಟ್ ನೋಡಿ "ಇದು ಬಿತ್ತನೆ ಬೀಜ ಏನ್ರೀ?" ಅಂತ ಕೇಳಿದರೆ ಆಶ್ಚರ್ಯ ಇಲ್ಲ. ಊಟದ ಸಾಮಾನಿಗೆ ಇಂಥ ಪ್ರಶ್ನೆ ಬರಬಾರದು.

ಇನ್ನೊಂದು ವಿಷಯ. ಪ್ರತಿ ಸಸ್ಯಾಹಾರಿ ಪ್ಯಾಕೆಟ್ ಮೇಲೂ ಹಸಿರು ಚುಕ್ಕೆ ಇದ್ದೇ ಇರುತ್ತದೆ. 'ಜೈವಿಕ್ ಭಾರತ್' ಗುರುತಿನಲ್ಲೂ ಹಸಿರು ಇದೆ. ಪ್ರಮಾಣಪತ್ರ ಪಡೆದ ಸಾವಯವ ಆಹಾರ ಇದೇ ಎಂದು ಕೊಳ್ಳುವವರಿಗೆ ತಿಳಿಸುವುದು ಆ ಗುರುತು. ಇಡೀ ಪ್ಯಾಕೆಟ್ ಹಸಿರಾದರೆ ಇವೆರಡೂ ಅದರಲ್ಲೇ ಮುಳುಗಿಹೋಗುತ್ತವೆ. ಹಸಿರನ್ನು ಕಡಿಮೆ ಬಳಸಿದಷ್ಟೂ ಆ ಗುರುತುಗಳು ಎದ್ದು ಕಾಣುತ್ತವೆ. ಪ್ಯಾಕೆಟ್‌ಗೆ ಹಸಿರು ಬಳಿದ ಮಾತ್ರಕ್ಕೆ ಮಾಲು ಸಾವಯವ ಆಗುವುದಿಲ್ಲ. ಆ ಗುರುತನ್ನು ಪ್ರಮಾಣಪತ್ರ ಇಲ್ಲದೆ ಹಾಕುವ ಹಾಗೂ ಇಲ್ಲ.

ಹಾಗಾದರೆ ಶುರು ಎಲ್ಲಿಂದ? ಕಾಳಿನಿಂದಲೇ. ಪಾಲಿಶ್ ಮಾಡದ ನವಣೆಗೆ ಮಂದ ಹಳದಿ ಇದೆ, ರಾಗಿಗೆ ಕೆಂಪು ಬೆರೆತ ಕಂದು. ಕೊಳ್ಳುವವರು ಪ್ಯಾಕೆಟ್‌ನ ಕಿಟಕಿಯಲ್ಲಿ ಕಾಣುವ ಕಾಳನ್ನೂ ಸುತ್ತಲಿನ ಬಣ್ಣವನ್ನೂ ಒಟ್ಟಿಗೆ ನೋಡುತ್ತಾರೆ. ಸುತ್ತ ಅಚ್ಚಬಿಳಿ ಇದ್ದರೆ ಪಾಲಿಶ್ ಮಾಡದ ಕಾಳು ಕೊಳಕಾಗಿ ಕಾಣುತ್ತದೆ. ಅದೇ ಕಾಳಿನ ಸುತ್ತ ಕೆನೆ ಬಣ್ಣ ಇಟ್ಟು ನೋಡಿ, ಹೊಸ ಫಸಲಿನ ಹಾಗೆ ಕಾಣುತ್ತದೆ.

ಬೆಲ್ಲದಲ್ಲಂತೂ ಬಣ್ಣದ ಮಾತು ಇನ್ನೂ ಜೋರು. ಹೈಡ್ರೋಸ್ ಹಾಕಿ ತಿಳಿ ಮಾಡಿದ ಬೆಲ್ಲ ಹಳದಿಯಾಗಿ ಹೊಳೆಯುತ್ತದೆ, ರಾಸಾಯನಿಕ ಹಾಕದ್ದು ಸಾಮಾನ್ಯವಾಗಿ ಗಾಢ ಕಂದು. ಇದು ಈಗ ಬಹಳ ಜನರಿಗೆ ಗೊತ್ತು. ಗಾಢ ಬೆಲ್ಲವನ್ನು ಮಿಂಚುವ ಹಳದಿ ಪ್ಯಾಕೆಟ್‌ಗೆ ಹಾಕಿದರೆ, ಯಾವ ಬೆಲ್ಲ ಬೇಡ ಅಂತ ಅವರು ಬಂದಿದ್ದಾರೋ ಅದನ್ನೇ ನೆನಪಿಸಿದ ಹಾಗೆ.

ಉಳಿದ ಬಣ್ಣಗಳನ್ನು ಬೇಗ ನೋಡಿಬಿಡೋಣ. ಕೆಂಪು-ಹಳದಿ ಜೋಡಿ ಶುಭವೇ, ಆದರೆ ನಮ್ಮಲ್ಲಿ ಅದು ಮೊದಲು ಕನ್ನಡ ಬಾವುಟ, ಆಮೇಲೆ ಅರಿಶಿನ-ಕುಂಕುಮ. ಕಾಳಿನವರೆಗೆ ಅದು ಬರುವುದಿಲ್ಲ. ನೀಲಿ ಕಂಡರೆ ಹಾಲು, ಉಪ್ಪು ನೆನಪಾಗುತ್ತವೆ. ಕಪ್ಪು ಪ್ಯಾಕೆಟ್ ಬೆಂಗಳೂರಿನ ಮಾಲ್‌ನಲ್ಲಿ ದುಬಾರಿ ಮಾಲು ಅನ್ನಿಸಬಹುದು. ಇಲ್ಲಿ ಹಬ್ಬಕ್ಕೆ ಸಾಮಾನು ಕೊಳ್ಳುವ ಹಿರಿಯರು ಅದನ್ನು ಅಷ್ಟು ಸುಲಭವಾಗಿ ಕೈಗೆತ್ತಿಕೊಳ್ಳುವುದಿಲ್ಲ.

ಈಗ ನಮ್ಮ ಗುಂಪಿನ ಪ್ಯಾಲೆಟ್. ಪ್ರತಿ ಬಣ್ಣದ ಜೊತೆ ಇರುವುದು ಕಂಪ್ಯೂಟರಿನಲ್ಲಿ ಅದನ್ನು ಗುರುತಿಸುವ ಕೋಡ್. ಹಿನ್ನೆಲೆಗೆ ಕೆನೆ, #F4EAD5. ಬ್ರ್ಯಾಂಡ್ ಹೆಸರಿಗೆ ಕೆಮ್ಮಣ್ಣು, #8A3B22. ಸಣ್ಣ ಅಕ್ಷರಕ್ಕೆ ಕಡುಕಂದು, #2E1C14. ನವಣೆ ಪ್ಯಾಕೆಟ್‌ನ ಪಟ್ಟಿಗೆ ಕಾಳಿನ ಹಳದಿ, #D9A63A. ಗಾಢ ಹಸಿರು #2F4A2B ಒಂದು ಸಣ್ಣ ಎಲೆಗೆ ಮಾತ್ರ. ಅರ್ಧಕ್ಕಿಂತ ಜಾಸ್ತಿ ಜಾಗ ಕೆನೆಗೇ ಹೋಗಲಿ. ಸಾಮೆಗೆ, ರಾಗಿಗೆ, ಬೆಲ್ಲಕ್ಕೆ ಪಟ್ಟಿಯ ಬಣ್ಣ ಒಂದೇ ಬದಲಾಗುತ್ತದೆ, ಮಿಕ್ಕಿದ್ದೆಲ್ಲ ಹಾಗೇ ಇರುತ್ತದೆ. ಆಗ ನಾಲ್ಕು ಪ್ಯಾಕೆಟ್ ಸಾಲಾಗಿ ನಿಂತರೆ ಒಂದೇ ಮನೆಯವು ಅಂತ ಗೊತ್ತಾಗುತ್ತದೆ.

ಇದನ್ನು ಪರೀಕ್ಷೆ ಮಾಡದೆ ಪ್ರೆಸ್‌ಗೆ ಕಳಿಸಬಾರದು. ಎರಡು ಬಣ್ಣಗಳ ನಡುವಿನ ತಿಳಿ-ಗಾಢದ ಅಂತರವನ್ನು ಕಾಂಟ್ರಾಸ್ಟ್ ಅಂತಾರೆ. ವೆಬ್‌ಸೈಟುಗಳಲ್ಲಿ ಸಣ್ಣ ಅಕ್ಷರ ಓದಲು ಕನಿಷ್ಠ 4.5:1 ಇರಬೇಕು ಅನ್ನುವ ಅಳತೆ ಇದೆ. ಪ್ಯಾಕೆಟ್‌ಗೂ ಅದು ಒಳ್ಳೆಯ ಅಂದಾಜು. ಕೆನೆ ಮೇಲೆ ಕೆಮ್ಮಣ್ಣು ಬಣ್ಣಕ್ಕೆ ಸುಮಾರು 6.4:1 ಬರುತ್ತದೆ, ಸರಿಹೋಯಿತು. ಕೆನೆ ಮೇಲೆ ಹಳದಿ ಅಕ್ಷರ ಬರೆದರೆ 1.9:1 ಕೂಡ ಮುಟ್ಟುವುದಿಲ್ಲ. ಹಾಗಾಗಿ ಹಳದಿ ಪಟ್ಟಿಗೆ ಮಾತ್ರ, ಅಕ್ಷರಕ್ಕೆ ಬೇಡ. ಕೆಮ್ಮಣ್ಣಿನ ಮೇಲೆ ಹಸಿರು ಎಲೆ ಇಟ್ಟರೆ ಇನ್ನೂ ಕಷ್ಟ, 1.3:1 ಅಷ್ಟೇ. ಡಿಸೈನ್ ಅನ್ನು ಕಪ್ಪು-ಬಿಳುಪು ಮಾಡಿ ನೋಡಿದರೆ ಎಲೆ ಹೆಚ್ಚು ಕಡಿಮೆ ಮಾಯ. ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣದವರಿಗೂ ಅದು ಹಾಗೇ ಕಾಣಬಹುದು. ಎಲೆಯನ್ನು ಕೆನೆ ಮೇಲಕ್ಕೆ ತಂದರೆ ತೊಂದರೆ ಮುಗಿಯಿತು.

ಜಾಸ್ತಿ ಎಡವುವುದು ಕ್ರಾಫ್ಟ್ ಪೇಪರ್‌ನಲ್ಲಿ. ಸಾವಯವದವರಿಗೆಲ್ಲ ಆ ಕಂದು ಕಾಗದದ ಪೌಚ್ ಇಷ್ಟ. ಆದರೆ ಸ್ಕ್ರೀನ್ ಮೇಲೆ ಕಂಡ ಬಣ್ಣ ಅದರ ಮೇಲೆ ಬರುವುದಿಲ್ಲ. ಪ್ರಿಂಟಿಂಗ್ ಇಂಕ್ ಬಹುಮಟ್ಟಿಗೆ ಪಾರದರ್ಶಕ, ಕೆಳಗಿನ ಕಂದು ಮೇಲೆ ಇಣುಕುತ್ತದೆ. ಕಾಗದ ಇಂಕನ್ನು ಹೀರಿಕೊಳ್ಳುವುದರಿಂದ ಬಣ್ಣ ಮತ್ತಷ್ಟು ಮಂಕಾಗುತ್ತದೆ. ಕೆನೆ ಕಾಣಿಸುವುದೇ ಇಲ್ಲ, ಹಳದಿ ಸಾಸಿವೆ ಬಣ್ಣಕ್ಕೆ ಹೋಗುತ್ತದೆ, ಗಾಢ ಹಸಿರು ಕಪ್ಪಿನ ಹತ್ತಿರ ಬರುತ್ತದೆ. ಸಸ್ಯಾಹಾರದ ಹಸಿರು ಚುಕ್ಕೆಯೂ ಕಂದಿನ ಕಡೆ ವಾಲುತ್ತದೆ. ಮಾಂಸಾಹಾರದ ಗುರುತು ಈಗ ತ್ರಿಕೋನ, ಆದರೆ ಅದರ ಬಣ್ಣ ಕಂದು. ಅನುಮಾನಕ್ಕೆ ಅಷ್ಟು ಸಾಕು. ಆ ಚುಕ್ಕೆ ಎದ್ದು ಕಾಣುವ ಹಿನ್ನೆಲೆ ಮೇಲೇ ಇರಬೇಕು ಎಂದು ನಿಯಮವೂ ಇದೆ.

ಇದಕ್ಕೆ ದಾರಿ ಎರಡು. ಮೊದಲು ಬಿಳಿ ಇಂಕ್‌ನ ಒಂದು ಪದರ ಹಾಕಿಸಿ, ಅದರ ಮೇಲೆ ಬಣ್ಣ ಹಾಕಿಸಬಹುದು. ಅದಕ್ಕೆ ಖರ್ಚು ಬೀಳುತ್ತದೆ. ಇಲ್ಲವೇ ಕ್ರಾಫ್ಟ್ ಪೌಚ್ ಖಾಲಿಯಾಗಿ ಕೊಂಡು, ಬಿಳಿ ಕಾಗದದ ಲೇಬಲ್ ಮುದ್ರಿಸಿ ಅಂಟಿಸಬಹುದು. ಶುರುವಿನಲ್ಲಿ ಸ್ವಲ್ಪ ಸ್ವಲ್ಪವೇ ಮಾಲು ಕೊಡುವ ಗುಂಪಿಗೆ ಎರಡನೆಯದೇ ಸರಿ ಅಂತ ನನ್ನ ಅಭಿಪ್ರಾಯ. ಬೆಲೆ, ತೂಕ ಬದಲಾದರೂ ಪೌಚ್ ವ್ಯರ್ಥ ಆಗುವುದಿಲ್ಲ.

ಪ್ರೆಸ್‌ನವರು ಕೊಟ್ಟ ಸ್ಯಾಂಪಲ್ಲನ್ನು ಅಲ್ಲೇ ಒಪ್ಪಬೇಡಿ. ಮಂಡಿಪೇಟೆಯಲ್ಲಿ ಪರಿಚಯದ ಅಂಗಡಿ ಇದ್ದರೆ ಅಲ್ಲಿ ಎಲ್‌ಇಡಿ ಟ್ಯೂಬ್‌ಲೈಟಿನ ಕೆಳಗೆ ಬೇರೆ ಪ್ಯಾಕೆಟ್‌ಗಳ ನಡುವೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ತಣ್ಣನೆಯ ಬಿಳಿ ಬೆಳಕಿನಲ್ಲಿ ಕೆಮ್ಮಣ್ಣು ಬೂದಿ ಹೊಡೆದ ಹಾಗೆ ಕಂಡರೆ ಅದರಲ್ಲಿ ಕೆಂಪು ಒಂದಿಷ್ಟು ಹೆಚ್ಚಿಸಿ ಇನ್ನೊಂದು ಸ್ಯಾಂಪಲ್ ತೆಗೆಸಿ. ಒಪ್ಪಿದ ಸ್ಯಾಂಪಲ್ ಮೇಲೆ ತಾರೀಖು ಹಾಕಿ, ಸಹಿ ಮಾಡಿ, ಒಂದನ್ನು ಪ್ರೆಸ್‌ನಲ್ಲಿ ಬಿಟ್ಟು ಇನ್ನೊಂದನ್ನು ಬಿಸಿಲು ತಾಗದ ಕಡೆ ಇಟ್ಟುಕೊಳ್ಳಿ. ಮುಂದಿನ ಸಲ ಮುದ್ರಿಸುವಾಗ ಶೇಡ್ ಬೇರೆ ಬಂದರೆ ತೋರಿಸಿ ಕೇಳಲು ಅದೇ ಆಧಾರ.