ಒಂದು ಪೊಟ್ಟಣ, ಒಂದು ಲೀಟರ್: ಓಆರ್‌ಎಸ್ ಹದ ತಪ್ಪಿದರೆ ಕರುಳಿನಲ್ಲಿ ಏನಾಗುತ್ತದೆ

ಕಾರವಾರ, ಅಂಕೋಲಾ ಕಡೆ ಮಗುವಿಗೆ ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ ಸಿಗುವುದು ಈಗ ಕಷ್ಟವಲ್ಲ. ಎಡವಟ್ಟಾಗುವುದು ಅದನ್ನು ಕಲಸುವಾಗ. ಒಂದು ಲೀಟರ್ ನೀರಿಗೆಂದು ಮಾಡಿದ ದೊಡ್ಡ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಸುರಿದು ಕುಡಿಸಿರುತ್ತಾರೆ. ಕೇಳಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: "ಮಗು ಒಂದು ಲೀಟರ್ ಎಲ್ಲಿ ಕುಡೀತದೆ ಡಾಕ್ಟ್ರೇ? ಗಟ್ಟಿ ಮಾಡಿದ್ರೆ ಸ್ವಲ್ಪದ್ರಲ್ಲೇ ಶಕ್ತಿ ಬರ್ತದೆ ಅಂತ ಹಾಗೆ ಮಾಡಿದ್ವು." ಕಾಳಜಿಯಿಂದಲೇ ಮಾಡಿದ ಕೆಲಸ. ಆದರೆ ಆ ಲೋಟ ಮಗುವಿನ ಮೈಯಲ್ಲಿ ಉಳಿದಿದ್ದ ನೀರನ್ನೂ ಕರುಳಿಗೆ ಎಳೆದು ಹೊರಹಾಕಬಲ್ಲದು.

ಭೇದಿಯಾದಾಗ ಸಣ್ಣ ಕರುಳಿನ ಒಳಪದರ ನೀರನ್ನೂ ಉಪ್ಪನ್ನೂ ಕರುಳಿನ ಟೊಳ್ಳಿಗೆ ಸುರಿಯುತ್ತಿರುತ್ತದೆ. ಅದೇ ಹೊತ್ತಿಗೆ, ಉಪ್ಪನ್ನು ಹೀರಿಕೊಳ್ಳುವ ಸಾಮಾನ್ಯ ದಾರಿ ಮಂದವಾಗುತ್ತದೆ. ಹಾಗಾಗಿ ಬರೀ ಉಪ್ಪುನೀರು ಕುಡಿಸಿದರೆ ಅದರಲ್ಲಿ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಕಾಲರಾದಂಥ ರೋಗದಲ್ಲೂ ಕೆಡದೆ ಉಳಿಯುವ ಇನ್ನೊಂದು ದಾರಿ ಇದೆ. ಕರುಳಿನ ಜೀವಕೋಶಗಳ ಮೇಲಿರುವ ಎಸ್‌ಜಿಎಲ್‌ಟಿ-1 ಎಂಬ ಪ್ರೋಟೀನು ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಮಾತ್ರ ಒಳಗೆ ಸಾಗಿಸುತ್ತದೆ: ಒಂದು ಗ್ಲೂಕೋಸಿಗೆ ಎರಡು ಸೋಡಿಯಂ. ಎರಡರಲ್ಲಿ ಒಂದು ಇಲ್ಲದಿದ್ದರೆ ಇನ್ನೊಂದೂ ಆ ದಾರಿಯಲ್ಲಿ ಹೋಗಲಾರದು. ಅವೆರಡೂ ಒಳಗೆ ಹೋದ ಮೇಲೆ ನೀರು ಅವುಗಳ ಬೆನ್ನು ಹತ್ತಿ ತಾನಾಗಿಯೇ ಹೋಗುತ್ತದೆ. ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ಮುಖ್ಯವಾಗಿ ಈ ಕೆಲಸಕ್ಕೆ. ರುಚಿ, ಶಕ್ತಿ ಎಲ್ಲ ಆಮೇಲಿನ ಮಾತು.

ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಅಳತೆಯಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತದೆ. ಕಣಗಳ ಲೆಕ್ಕದಲ್ಲಿ ಗ್ಲೂಕೋಸೂ 75, ಸೋಡಿಯಮ್ಮೂ 75. ಎರಡಕ್ಕೊಂದು ಇರಬೇಕಿತ್ತಲ್ಲ ಎಂದು ಕೇಳಬಹುದು. ಕರುಳೊಳಗೆ ಸುರಿಯುತ್ತಿರುವ ನೀರಿನಲ್ಲೇ ಸಾಕಷ್ಟು ಸೋಡಿಯಂ ಇರುತ್ತದೆ, ಉಳಿದ ಗ್ಲೂಕೋಸಿಗೆ ಅಲ್ಲೇ ಜೋಡಿ ಸಿಗುತ್ತದೆ. ಎಲ್ಲ ಕಣಗಳನ್ನೂ ಕೂಡಿಸಿದರೆ ಸಾಂದ್ರತೆ 245. ನಮ್ಮ ರಕ್ತದ್ದು ಸುಮಾರು 290. ಕುಡಿದದ್ದು ರಕ್ತಕ್ಕಿಂತ ತುಸು ತೆಳುವಾಗಿರುವುದರಿಂದ ನೀರು ಕರುಳಿನಿಂದ ರಕ್ತದ ಕಡೆಗೆ ಹರಿಯುತ್ತದೆ. ಹಿಂದಿನ ಓಆರ್‌ಎಸ್‌ನಲ್ಲಿ ಇದು 311 ಇತ್ತು. ತೆಳುಮಾಡಿದ ಮೇಲೆ ಮಕ್ಕಳಲ್ಲಿ ವಾಂತಿಯೂ ಭೇದಿಯ ಪ್ರಮಾಣವೂ ಕಡಿಮೆಯಾದವು.

ಈಗ ಆ ಪೊಟ್ಟಣವನ್ನು 200 ಮಿಲಿಲೀಟರ್ ಲೋಟಕ್ಕೆ ಹಾಕಿ ನೋಡಿ. ಎಲ್ಲವೂ ಐದು ಪಟ್ಟು. ಸೋಡಿಯಂ 375, ಒಟ್ಟು ಸಾಂದ್ರತೆ 1225. ಮಾವಿನ ಮಿಡಿಗೆ ಉಪ್ಪು ಬೆರೆಸಿಟ್ಟರೆ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದಲ್ಲ, ಇಲ್ಲಿ ಆಗುವುದೂ ಅದೇ: ರಕ್ತದಲ್ಲಿದ್ದ ನೀರು ಕರುಳಿಗೆ ಇಳಿಯುತ್ತದೆ, ಭೇದಿ ಜೋರಾಗುತ್ತದೆ. ಹೀರಿಕೊಂಡಷ್ಟು ಸೋಡಿಯಂ ರಕ್ತದಲ್ಲಿ ಏರುತ್ತದೆ. ಮಗು ತಡೆಯಲಾರದ ದಾಹದಿಂದ ಕಿರಿಕಿರಿ ಮಾಡುತ್ತದೆ, ಆಮೇಲೆ ಮಂಕಾಗುತ್ತದೆ, ಫಿಟ್ಸ್ ಕೂಡ ಬರಬಹುದು. ಇಂಥ ಮಕ್ಕಳ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನೀರು ಬತ್ತಿದ ಬೇರೆ ಮಕ್ಕಳಲ್ಲಿ ಆಗುವಷ್ಟು ನಿಧಾನವಾಗಿ ಹಿಂದಿರುಗದು, ನಾದಿದ ಹಿಟ್ಟಿನಂತೆ ಮೆತ್ತಗಿರುತ್ತದೆ. ನಿರ್ಜಲತೆ ಕಡಿಮೆಯೇ ಇದೆ ಎಂದು ಮೋಸಹೋಗುವುದು ಇಲ್ಲೇ.

ಬರೀ ಸಕ್ಕರೆ ಹೆಚ್ಚಾದರೂ ನೀರು ಕರುಳಿಗೇ ಎಳೆಯಲ್ಪಡುತ್ತದೆ. ನಮ್ಮ ಕಡೆ ಹೊಟ್ಟೆ ತಂಪಾಗಲಿ ಎಂದು ಕೊಡುವ ಮುರುಗಲು ಪಾನಕವನ್ನೇ ತೆಗೆದುಕೊಳ್ಳಿ. ಒಂದು ಲೋಟಕ್ಕೆ 25 ಗ್ರಾಂ ಸಕ್ಕರೆ ಬಿದ್ದರೆ, ಅದು ಕರುಳಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆದ ಮೇಲೆ ಸಾಂದ್ರತೆ 700 ದಾಟುತ್ತದೆ. ಸೆಖೆಯ ಮಧ್ಯಾಹ್ನಕ್ಕೆ ಒಳ್ಳೆಯ ಪಾನೀಯ, ಭೇದಿಗೆ ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ನಡುವೆ ಕೊಡಬಹುದು, ಓಆರ್‌ಎಸ್‌ನ ಜಾಗದಲ್ಲಿ ಅಲ್ಲ. ಉಪ್ಪು ಹಾಕಿದ ಗಂಜಿತಿಳಿ ಮಾತ್ರ ನಿಜಕ್ಕೂ ಒಳ್ಳೆಯದು. ಅದರ ಪಿಷ್ಟ ನಿಧಾನವಾಗಿ ಗ್ಲೂಕೋಸಾಗಿ ಒಡೆಯುವುದರಿಂದ ಸಾಂದ್ರತೆ ಒಮ್ಮೆಲೇ ಏರುವುದಿಲ್ಲ.

ಪೊಟ್ಟಣ ಸಿಗದ ರಾತ್ರಿ ಮನೆಯಲ್ಲೇ ಮಾಡಿಕೊಳ್ಳುವುದಾದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಪುಡಿ ಉಪ್ಪು. ಚಮಚ 5 ಮಿಲಿಲೀಟರಿನದಿರಲಿ, ಚಾಕುವಿನ ಬೆನ್ನಿನಿಂದ ಮೇಲಿನದನ್ನು ಸವರಿ ತೆಗೆಯಿರಿ. ಸಕ್ಕರೆ ಸುಮಾರು 25 ಗ್ರಾಂ, ಉಪ್ಪು 3 ಗ್ರಾಂ ಆಗುತ್ತದೆ; ಸಕ್ಕರೆ ಒಡೆದ ಮೇಲಿನ ಸಾಂದ್ರತೆ ಹೆಚ್ಚುಕಮ್ಮಿ ಪೊಟ್ಟಣದಷ್ಟೇ ಬರುತ್ತದೆ, ಪೊಟ್ಯಾಸಿಯಂ ಮಾತ್ರ ಇರುವುದಿಲ್ಲ. ಸಾಣಿಕಟ್ಟಾದ ಹರಳುಪ್ಪನ್ನೇ ಬಳಸುವ ಮನೆಗಳಲ್ಲಿ ಅದನ್ನು ಕುಟ್ಟಿ ಪುಡಿಮಾಡಿ ಅಳೆಯಬೇಕು, ಹರಳಿನ ಗಾತ್ರ ಬದಲಾದಂತೆ ಚಮಚದ ತೂಕವೂ ಬದಲಾಗುತ್ತದೆ. ಶಿರಸಿ ಕಡೆಯ ಜೋನಿಬೆಲ್ಲ ಇದಕ್ಕೆ ಬೇಡ: ಚಮಚಕ್ಕೆ ಎಷ್ಟು ಅಂಟಿಕೊಂಡಿತು, ಅದರಲ್ಲಿ ನೀರೆಷ್ಟು, ಸಕ್ಕರೆಯೆಷ್ಟು ಎಂದು ಹೇಳುವುದು ಕಷ್ಟ.

ನೀರಿನ ಬಗ್ಗೆ ಕರಾವಳಿಯವರಿಗೆ ಒಂದು ಮಾತು. ಏಪ್ರಿಲ್, ಮೇ ಹೊತ್ತಿಗೆ ಹೊಳೆ ಅಳಿವೆಯ ಹತ್ತಿರದ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಆ ನೀರಿನಲ್ಲಿ ಕಲಸಿದರೆ ಪೊಟ್ಟಣದ ಲೆಕ್ಕದ ಮೇಲೆ ಇನ್ನಷ್ಟು ಸೋಡಿಯಂ ಸೇರುತ್ತದೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ನೀರು ಬತ್ತಿ ಮತ್ತೂ ಗಟ್ಟಿಯಾಗುತ್ತದೆ. ಸಿಹಿನೀರನ್ನೇ ತಂದು, ಕುದಿಸಿ, ಆರಿಸಿ, ಆಮೇಲೆ ಒಂದು ಲೀಟರ್ ಬಾಟಲಿಯಲ್ಲಿ ಅಳೆಯಿರಿ. ತಂಬಿಗೆಯ ಅಂದಾಜು ಬೇಡ. ಪೊಟ್ಟಣವನ್ನು ಪೂರ್ತಿ ಒಮ್ಮೆಲೇ ಕಲಸಿ. ಕಾಲು ಕಾಲು ಭಾಗ ಮಾಡಿಕೊಂಡರೆ ಪುಡಿಯೊಳಗಿನ ಉಪ್ಪು, ಗ್ಲೂಕೋಸ್ ಪ್ರತಿ ಪಾಲಿಗೂ ಸಮನಾಗಿ ಬರುವುದಿಲ್ಲ. ಒಂದು ಲೀಟರ್ ಹೆಚ್ಚಾಯಿತು ಅನಿಸಿದರೆ 200 ಮಿಲಿಲೀಟರಿನ ಚಿಕ್ಕ ಪೊಟ್ಟಣವೂ ಸಿಗುತ್ತದೆ, ಹೊರಗೆ ಬರೆದಿರುವುದನ್ನು ಓದಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿಬಿಡಿ.

ಕಣ್ಣು ತುಸು ಗುಳಿಬಿದ್ದ, ಬಾಯಾರಿ ಆತುರದಿಂದ ಕುಡಿಯುವ 10 ಕಿಲೋ ತೂಕದ ಮಗುವಿಗೆ ಕಿಲೋಗೆ 75ರಂತೆ 750 ಮಿಲಿಲೀಟರ್ ಬೇಕು, ಅದೂ ನಾಲ್ಕು ಗಂಟೆಯಲ್ಲಿ. ಹೆಚ್ಚು ಎನಿಸಬಹುದು, ಆದರೆ ಒಂದೂವರೆ ನಿಮಿಷಕ್ಕೊಂದು ಟೀ ಚಮಚ ಕೊಡುತ್ತ ಹೋದರೆ ಅಷ್ಟು ಹೋಗಿರುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಿ. ಎದೆಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಭೇದಿಯನ್ನು ಅಂದೇ ನಿಲ್ಲಿಸುವುದಿಲ್ಲ. ಮೂತ್ರ ಹೋಗುತ್ತಿದೆಯೇ, ನಾಲಿಗೆ ಒದ್ದೆಯಾಯಿತೇ, ಮಗು ಗೆಲುವಾಯಿತೇ ಎಂಬುದನ್ನು ನೋಡಬೇಕು.

ಮಗು ಕುಡಿಯಲು ಒಲ್ಲೆ ಎಂದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆರು ಗಂಟೆ ಮೂತ್ರ ಇಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಹೋಗುವಾಗ ಖಾಲಿ ಪೊಟ್ಟಣ ಮತ್ತು ಕಲಸಿದ ಲೋಟ ಕೈಯಲ್ಲಿರಲಿ. ಸೋಡಿಯಂ ಏರಿದ ಮಗುವಿಗೆ ಡ್ರಿಪ್ ಮೂಲಕ ಅದನ್ನು ಬೇಗಬೇಗ ಇಳಿಸಿದರೆ ಮೆದುಳು ಬಾತುಕೊಳ್ಳುತ್ತದೆ. ಎಷ್ಟು ನೀರಿಗೆ ಎಷ್ಟು ಪುಡಿ ಬಿದ್ದಿತ್ತು ಎಂಬುದು ಗೊತ್ತಾದರೆ ವೈದ್ಯರು ಮೊದಲಿನಿಂದಲೇ ನಿಧಾನದ ಲೆಕ್ಕ ಹಿಡಿಯುತ್ತಾರೆ.