ಎರಡು ಡಿಟೆಕ್ಟರ್ ಹೌದೆಂದರೆ ಎರಡು ಸಾಕ್ಷಿ ಆಗುವುದಿಲ್ಲ

ಬೆಂಗಳೂರಿನ ಹೊರವಲಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಚ್‌ಒಡಿ ಮೇಡಂ ತಮ್ಮ ವಿಭಾಗದ ಮೇಷ್ಟ್ರುಗಳಿಗೆಲ್ಲ ಒಂದು ಮೆಮೊ ಕಳಿಸಿದರು. ಬರಹ ಯಂತ್ರದ್ದೋ ಮನುಷ್ಯರದ್ದೋ ಎಂದು ಹೇಳುವ ಎಐ ಡಿಟೆಕ್ಟರ್ ಕೊಟ್ಟ ಅಂಕಿಯೊಂದನ್ನೇ ಹಿಡಿದು ಯಾವ ವಿದ್ಯಾರ್ಥಿಯ ಇಂಟರ್ನಲ್ಸ್ ಅಂಕವನ್ನೂ ಕಡಿತ ಮಾಡಬಾರದು ಅನ್ನುವುದು ಅದರ ಸಾರ. ಇಷ್ಟಕ್ಕೆ ಯಾರೂ ತಕರಾರು ಎತ್ತಲಿಲ್ಲ. ಗಲಾಟೆ ಎದ್ದದ್ದು ನಡುವಿನ ಒಂದು ವಾಕ್ಯಕ್ಕೆ: 'ಇನ್ನೊಂದು ಡಿಟೆಕ್ಟರ್‌ಗೂ ಹಾಕಿ ನೋಡಿದೆ, ಅದೂ ಎಐ ಎಂದಿತು ಎನ್ನುವುದನ್ನು ಎರಡನೇ ಪುರಾವೆ ಎಂದು ಒಪ್ಪಲಾಗದು.'

'ಅದೆಂಥ ಮಾತು ಮೇಡಂ? ಇಬ್ಬರು ಡಾಕ್ಟರು ಒಂದೇ ಕಾಯಿಲೆ ಹೇಳಿದರೆ ನಂಬೋದಿಲ್ವಾ?' ಎಂದು ಹಿರಿಯ ಮೇಷ್ಟ್ರೊಬ್ಬರು ಕೇಳಿದರಂತೆ. ಪ್ರಶ್ನೆ ಚೆನ್ನಾಗಿದೆ. ಆದರೆ ಆ ಇಬ್ಬರೂ ರೋಗಿಯನ್ನು ಮುಟ್ಟಿಯೂ ನೋಡದೆ, ಒಂದೇ ಲ್ಯಾಬಿನ ಒಂದೇ ರಿಪೋರ್ಟ್ ಓದಿ ಹೇಳಿದ್ದರೆ? ಲ್ಯಾಬಿನವರು ಎಡವಿದ್ದರೆ ಇಬ್ಬರೂ ಒಟ್ಟಿಗೇ ಎಡವುತ್ತಾರೆ. ಮೆಮೊದ ಜೀವ ಇರುವುದು ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಡಿಟೆಕ್ಟರ್ ಏನನ್ನು ಅಳೆಯುತ್ತದೆ? 'ಇದನ್ನು ಯಾರು ಬರೆದರು' ಅನ್ನುವುದನ್ನಂತೂ ಅಲ್ಲ. ಆ ಮಾಹಿತಿ ಪಠ್ಯದಲ್ಲಿ ಇರುವುದೇ ಇಲ್ಲ. ಅದು ಮುಖ್ಯವಾಗಿ ಅಳೆಯುವುದು ಮುಂದಿನ ಪದವನ್ನು ಎಷ್ಟು ಸಲೀಸಾಗಿ ಊಹಿಸಬಹುದು ಅನ್ನುವುದನ್ನು. 'ಹಿತ್ತಲ ಗಿಡ' ಎಂದು ನಾನು ನಿಲ್ಲಿಸಿದರೆ 'ಮದ್ದಲ್ಲ' ಎಂದು ನೀವು ಮುಗಿಸುತ್ತೀರಿ. 'ಹಿತ್ತಲಲ್ಲಿ ನಿನ್ನೆ' ಎಂದು ನಿಲ್ಲಿಸಿದರೆ? ಹಾವು ಬಂದಿರಬಹುದು, ಬಟ್ಟೆ ಒಣಗಿರಬಹುದು, ಜಗಳ ಆಗಿರಬಹುದು. ಮೊದಲನೆಯದರಲ್ಲಿ ನಿಮ್ಮ ಮುಂದೆ ಒಂದೇ ದಾರಿ, ಎರಡನೆಯದರಲ್ಲಿ ನೂರಾರು. ಹೀಗೆ ಇಡೀ ಬರಹದ ಉದ್ದಕ್ಕೂ ಪ್ರತಿ ಪದದ ಹತ್ತಿರ ಸರಾಸರಿ ಎಷ್ಟು ದಾರಿಗಳಿದ್ದವು ಎಂದು ಲೆಕ್ಕ ಹಾಕಿದರೆ ಬರುವ ಸಂಖ್ಯೆಗೆ ಪರ್‌ಪ್ಲೆಕ್ಸಿಟಿ ಎನ್ನುತ್ತಾರೆ. ಸರಾಸರಿ ನಾಲ್ಕು ದಾರಿ ಇದ್ದರೆ ಪರ್‌ಪ್ಲೆಕ್ಸಿಟಿ 4. ಚಾಟ್‌ಜಿಪಿಟಿಯಂಥ ಯಂತ್ರ ಹೆಚ್ಚಾಗಿ ಸಲೀಸಾದ ಪದವನ್ನೇ ಆರಿಸಿ ಬರೆಯುತ್ತದೆ. ಹಾಗಾಗಿ ಅದರ ಬರಹದಲ್ಲಿ ಈ ಸಂಖ್ಯೆ ಕಡಿಮೆ. ಮನುಷ್ಯರು ಅಲ್ಲಲ್ಲಿ ಅಡ್ಡದಾರಿ ಹಿಡಿಯುತ್ತಾರೆ, ಸಂಖ್ಯೆ ಏರುತ್ತದೆ. ಡಿಟೆಕ್ಟರ್‌ಗಳು ಹುಟ್ಟಿದ್ದು ಈ ವ್ಯತ್ಯಾಸ ನಂಬಿ.

ಈ ಊಹೆಯ ಆಟ ಹೊಸದೇನೂ ಅಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶ್ಯಾನನ್ 1951ರ ಒಂದು ಪ್ರಬಂಧದಲ್ಲಿ ಇದನ್ನು ಮನುಷ್ಯರ ಮೇಲೇ ಆಡಿಸಿ ತೋರಿಸಿದ್ದ. ಮುಚ್ಚಿಟ್ಟ ಇಂಗ್ಲಿಷ್ ವಾಕ್ಯವೊಂದನ್ನು ಅಕ್ಷರ ಅಕ್ಷರವಾಗಿ ಊಹಿಸಬೇಕು. ತಪ್ಪಿದರೆ ಸರಿಯಾದ ಅಕ್ಷರ ಹೇಳಿ ಮುಂದಕ್ಕೆ ಹೋಗುವುದು. ಅವನು ಕೊಟ್ಟ ಉದಾಹರಣೆಯಲ್ಲಿ 129 ಅಕ್ಷರಗಳ ಪೈಕಿ 89 ಮೊದಲ ಊಹೆಗೇ ಸರಿಯಾಗಿದ್ದವು. ಕಂಪ್ಯೂಟರ್ ಇಲ್ಲದೆ, ಒಬ್ಬ ಓದುಗ ಸುಮ್ನೆ ಕೂತು ಊಹಿಸಿದ್ದು! ಭಾಷೆ ಅಷ್ಟು ಮಟ್ಟಿಗೆ ಮೊದಲೇ ತುಳಿದ ದಾರಿ.

ಈಗ ನಮ್ಮ ಹುಡುಗರ ಪ್ರಾಜೆಕ್ಟ್ ರಿಪೋರ್ಟ್‌ಗೆ ಬನ್ನಿ. 'ದಿ ಮೇನ್ ಏಮ್ ಆಫ್ ದಿಸ್ ಪ್ರಾಜೆಕ್ಟ್ ಈಸ್ ಟು' ಎಂದು ಓದಿ ನಿಲ್ಲಿಸಿ. ಮುಂದೆ 'ಡಿಸೈನ್ ಆ್ಯಂಡ್ ಡೆವಲಪ್' ಎಂದು ಬರುತ್ತದೆ ಅಂತ ಇಂಜಿನಿಯರಿಂಗ್ ಓದಿದ ಯಾರು ಬೇಕಾದರೂ ಹೇಳುತ್ತಾರೆ. ಎಐ ಬರುವುದಕ್ಕೆ ಎಷ್ಟೋ ಮೊದಲು, ಸೀನಿಯರ್‌ಗಳ ರಿಪೋರ್ಟ್ ಮುಂದಿಟ್ಟುಕೊಂಡು ನಾವೆಲ್ಲ ಬರೆದದ್ದೂ ಹೀಗೇ ಅಲ್ವಾ? ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಇಂಗ್ಲಿಷ್ ಬರೆಯುವಾಗ ಇನ್ನೂ ಹುಷಾರಾಗಿರುತ್ತಾಳೆ. ತಪ್ಪಾಗದ, ಗೊತ್ತಿರುವ ಪದ, ಗೊತ್ತಿರುವ ವಾಕ್ಯ. ಅವಳ ಬರಹದ ಪರ್‌ಪ್ಲೆಕ್ಸಿಟಿ ತಾನಾಗಿಯೇ ಇಳಿಯುತ್ತದೆ.

ಇದು ಬರೀ ನನ್ನ ತರ್ಕ ಅಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಏಳು ಡಿಟೆಕ್ಟರ್‌ಗಳನ್ನು ಪರೀಕ್ಷೆಗೆ ಒಡ್ಡಿತು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳು ಒಂದು ಕಡೆ, ಅಮೆರಿಕದ ಎಂಟನೇ ತರಗತಿ ಮಕ್ಕಳ 88 ಪ್ರಬಂಧಗಳು ಇನ್ನೊಂದು ಕಡೆ. ಎಲ್ಲವೂ ಮನುಷ್ಯರೇ ಬರೆದದ್ದು. ಅಮೆರಿಕದ ಮಕ್ಕಳ ವಿಷಯದಲ್ಲಿ ಡಿಟೆಕ್ಟರ್‌ಗಳು ಹೆಚ್ಚುಕಡಿಮೆ ಸರಿಯಾಗಿ ಹೇಳಿದವು. ಟೋಫೆಲ್ ಪ್ರಬಂಧಗಳಲ್ಲಿ ಮಾತ್ರ ಸರಾಸರಿ 61 ಶೇಕಡಾವನ್ನು ಎಐ ಬರೆದದ್ದು ಎಂದವು! ಆಮೇಲೆ ಸಂಶೋಧಕರು ಅದೇ ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು, ಇಂಗ್ಲಿಷ್ ಮನೆಮಾತಿನವರ ಹಾಗೆ ಪದಗಳನ್ನು ಸೊಗಸು ಮಾಡಲು ಹೇಳಿದರು. ಆಗ ಅದು ಸುಮಾರು 12 ಶೇಕಡಾಕ್ಕೆ ಇಳಿಯಿತು. ಅಂದರೆ ಯಂತ್ರದ ಕೈಯಲ್ಲಿ ತಿದ್ದಿಸಿಕೊಂಡವರು ಬಚಾವ್, ಸ್ವಂತ ಬರೆದವರು ಸಿಕ್ಕಿಬಿದ್ದರು.

ಮೆಮೊದ ಆ ವಾಕ್ಯಕ್ಕೆ ಬೇಕಾದ ಪುರಾವೆಯೂ ಇದೇ ಅಧ್ಯಯನದಲ್ಲಿದೆ. ಏಳೂ ಡಿಟೆಕ್ಟರ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಪ್ಪು ಮಾಡುತ್ತವೆ ಎಂದುಕೊಳ್ಳೋಣ. ಒಂದೊಂದೂ ತಪ್ಪುವ ಸಾಧ್ಯತೆ 0.61. ಏಳೂ ಒಂದೇ ಪ್ರಬಂಧದ ಮೇಲೆ ತಪ್ಪಬೇಕಾದರೆ 0.61 ಅನ್ನು ಏಳು ಸಲ ಗುಣಿಸಬೇಕು. ಸುಮಾರು 0.03 ಬರುತ್ತದೆ. 91 ಪ್ರಬಂಧಗಳಲ್ಲಿ ಹೆಚ್ಚೆಂದರೆ ಮೂರಕ್ಕೆ ಹೀಗಾಗಬೇಕಿತ್ತು. ನಿಜವಾಗಿ ಆದದ್ದು 18ಕ್ಕೆ. ಮೂರೆಲ್ಲಿ, ಹದಿನೆಂಟೆಲ್ಲಿ? ಈ ಅಂತರಕ್ಕೆ ಕಾರಣ ಒಂದೇ: ಬೇರೆ ಬೇರೆ ಹೆಸರಿನ ಡಿಟೆಕ್ಟರ್‌ಗಳು ಒಂದೇ ಬಗೆಯ ಲಕ್ಷಣವನ್ನು ನೋಡಿ ಒಂದೇ ಬಗೆಯ ಬರಹಗಾರರ ಮೇಲೆ ಎಡವುತ್ತವೆ. ಸರಳ ಇಂಗ್ಲಿಷ್ ಒಂದನ್ನು ಎಡವಿಸಿದರೆ ಎರಡನೆಯದನ್ನೂ ಎಡವಿಸುತ್ತದೆ. ಈಗಿನ ಡಿಟೆಕ್ಟರ್‌ಗಳು ಬರೀ ಪರ್‌ಪ್ಲೆಕ್ಸಿಟಿ ನೋಡುವುದಿಲ್ಲ, ಸಾವಿರಾರು ಮಾದರಿಗಳ ಮೇಲೆ ತರಬೇತಿ ಪಡೆದಿರುತ್ತವೆ, ಒಪ್ಪೋಣ. ಆದರೆ ಒಳಗೆ ಯಾವ ಲಕ್ಷಣಕ್ಕೆ ಎಷ್ಟು ತೂಕ ಕೊಡುತ್ತಿವೆ ಎಂದು ನಮಗೂ ಕಾಣುವುದಿಲ್ಲ, ಮೇಷ್ಟ್ರಿಗೂ ಕಾಣುವುದಿಲ್ಲ. ಕಾಣದೇ ಇದ್ದಾಗ ಎರಡು ಸಾಕ್ಷಿ ಬೇರೆ ಬೇರೆ ಎಂದು ಹೇಳುವ ಹಕ್ಕೂ ಇಲ್ಲ.

ಇದೇ ಗುಣಾಕಾರದ ತಪ್ಪು ಇಂಗ್ಲೆಂಡಿನಲ್ಲಿ ಒಬ್ಬ ತಾಯಿಯನ್ನು ಜೈಲಿಗೆ ಹಾಕಿದ ಮೊಕದ್ದಮೆಯಲ್ಲೂ ಇತ್ತು. ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಇಬ್ಬರು ಹಸುಗೂಸುಗಳು 1996ರಲ್ಲಿ ಒಂದು, 1998ರಲ್ಲಿ ಒಂದು, ದಿಢೀರನೆ ತೀರಿಕೊಂಡವು. ಅಂಥ ಕುಟುಂಬದಲ್ಲಿ ಕಾರಣ ತಿಳಿಯದೆ ಮಗು ಸಾಯುವ ಸಾಧ್ಯತೆ 8,543ರಲ್ಲಿ ಒಂದು ಎಂದು ಸರ್ಕಾರದ ಪರ ತಜ್ಞರು ಹೇಳಿದರು. ಎರಡು ಮಕ್ಕಳಿಗೆ ಅದನ್ನು ಅದರಿಂದಲೇ ಗುಣಿಸಿ ಏಳು ಕೋಟಿ ಮೂವತ್ತು ಲಕ್ಷದಲ್ಲಿ ಒಂದು ಎಂದರು. ಜ್ಯೂರಿ 1999ರಲ್ಲಿ ಅವಳೇ ಕೊಂದಳು ಎಂದು ತೀರ್ಮಾನಿಸಿತು. ಒಂದೇ ಮನೆ, ಒಂದೇ ತಂದೆತಾಯಿ, ಒಂದೇ ರಕ್ತ. ಮೊದಲನೆಯದಕ್ಕೆ ಆದದ್ದು ಎರಡನೆಯದಕ್ಕೂ ಆಗುವ ಸಾಧ್ಯತೆ ಜಾಸ್ತಿ ಇರಬಹುದಲ್ಲ ಎನ್ನುವುದಕ್ಕೆ ಆ ಗುಣಾಕಾರದಲ್ಲಿ ಜಾಗವೇ ಇರಲಿಲ್ಲ. 2001ರಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯೇ ಈ ಲೆಕ್ಕಕ್ಕೆ ಬುಡವಿಲ್ಲ ಎಂದು ಹೇಳಿಕೆ ಕೊಡಬೇಕಾಯಿತು. 2003ರಲ್ಲಿ ಆಕೆಯ ಬಿಡುಗಡೆ ಆಯಿತು. ಇಂಟರ್ನಲ್ಸ್ ಅಂಕ ಕಳೆದುಕೊಳ್ಳುವುದು ಅದರ ಮುಂದೆ ಏನೂ ಅಲ್ಲ, ನಿಜ. ತಪ್ಪಿನ ಜಾತಿ ಮಾತ್ರ ಒಂದೇ.

ಇನ್ನೊಂದು ಗೊಂದಲವನ್ನು ಮೆಮೊ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದೆ. ನಮ್ಮ ಕಾಲೇಜುಗಳಿಗೆ ಕೃತಿಚೌರ್ಯದ ಶೇಕಡಾವಾರು ಲೆಕ್ಕ ರೂಢಿಯಾಗಿದೆ. ಯುಜಿಸಿಯ 2018ರ ನಿಯಮದಲ್ಲಿ 10 ಶೇಕಡಾದವರೆಗಿನ ಹೋಲಿಕೆಗೆ ದಂಡವಿಲ್ಲ, ಅದರ ಮೇಲೆ 40, 60 ಎಂದು ಮೆಟ್ಟಿಲುಗಳಿವೆ. ಅದೇ ಕಣ್ಣಿನಿಂದ ಎಐ ಅಂಕಿಯನ್ನೂ ನೋಡುತ್ತಾರೆ. ಆದರೆ ಹೋಲಿಕೆಯ ವರದಿಯಲ್ಲಿ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಅದನ್ನು ಎಲ್ಲಿಂದ ಎತ್ತಿದ್ದು ಎಂದು ಮೂಲ ತೆರೆದುಕೊಳ್ಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ವಾದ ಮಾಡಬಹುದು. ಎಐ ಅಂಕಿಯ ಹಿಂದೆ ತೆರೆದು ತೋರಿಸಲು ಏನೂ ಇಲ್ಲ. 80 ಅಂದರೆ ನಕಲು ಮಾಡಿರುವ ಸಾಧ್ಯತೆ 80 ಎಂದೂ ಅಲ್ಲ. ಕಾಲೇಜುಗಳು ಬಳಸುವ ಟರ್ನಿಟಿನ್ ಎಂಬ ತಂತ್ರಾಂಶದಲ್ಲಿ ಅದರ ಅರ್ಥ, ಬರಹದ ಅಷ್ಟು ಭಾಗ ಎಐಯದ್ದು ಎಂದು ಅದಕ್ಕೆ ತೋರಿದೆ, ಅಷ್ಟೇ. ಈ ಅಂಕಿಯೊಂದನ್ನೇ ಆಧರಿಸಿ ಶಿಕ್ಷೆ ಕೊಡಬೇಡಿ ಎಂದು ಆ ಕಂಪನಿಯೇ ಹೇಳುತ್ತದೆ.

ಸಾಧನ ಮಾಡಿದವರೇ ಕೊಟ್ಟ ಅಂಕಿಯನ್ನು ನಂಬಿದರೂ ಲೆಕ್ಕ ಕೈ ಕೊಡುತ್ತದೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ 2023ರ ಜನವರಿಯಲ್ಲಿ ತನ್ನದೇ ಡಿಟೆಕ್ಟರ್ ಬಿಟ್ಟಿತ್ತು. ಅದರದೇ ಪರೀಕ್ಷೆಯಲ್ಲಿ ಎಐ ಬರಹದ 26 ಶೇಕಡಾ ಹಿಡಿಯುತ್ತಿತ್ತು, ಮನುಷ್ಯರ ಬರಹದಲ್ಲಿ 9 ಶೇಕಡಾವನ್ನು ತಪ್ಪಾಗಿ ಎಐ ಎನ್ನುತ್ತಿತ್ತು. ನಿಖರತೆ ಸಾಲದೆಂದು ಜುಲೈನಲ್ಲಿ ತೆಗೆದುಹಾಕಿದರು. ಆ ಅಂಕಿಗಳನ್ನು ಒಂದು ವಿಭಾಗಕ್ಕೆ ಹಾಕಿ ನೋಡಿ. 200 ವಿದ್ಯಾರ್ಥಿಗಳು, ಅದರಲ್ಲಿ 40 ಮಂದಿ ಯಂತ್ರದಿಂದ ಬರೆಸಿದ್ದಾರೆ ಎಂದುಕೊಳ್ಳಿ. ಸಿಕ್ಕಿಬೀಳುವವರು ಸುಮಾರು 10. ಉಳಿದ 160 ಪ್ರಾಮಾಣಿಕರಲ್ಲಿ ಸಿಕ್ಕಿಬೀಳುವವರು ಸುಮಾರು 14. ಎಚ್‌ಒಡಿ ಕೋಣೆಯ ಹೊರಗೆ ನಿಂತ 24 ಮಂದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನಿರಪರಾಧಿಗಳು! ತಪ್ಪು ಒಂದೇ ಶೇಕಡಾ ಇದ್ದರೂ ಸಂಖ್ಯೆ ದೊಡ್ಡದಾದಾಗ ಕಷ್ಟ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2022ರಲ್ಲಿ 75,000 ಬರಹಗಳನ್ನು ಟರ್ನಿಟಿನ್‌ಗೆ ಕೊಟ್ಟಿತ್ತು. ಆಗ ಈ ಡಿಟೆಕ್ಟರ್ ಇದ್ದಿದ್ದರೆ, ಒಂದು ಶೇಕಡಾ ತಪ್ಪಿನ ಲೆಕ್ಕದಲ್ಲೇ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬರುತ್ತಿತ್ತು ಎಂದು ಲೆಕ್ಕ ಹಾಕಿ 2023ರ ಆಗಸ್ಟ್‌ನಲ್ಲಿ ಅದನ್ನು ಬಂದ್ ಮಾಡಿತು.

ಹಾಗಾದರೆ ಮೇಷ್ಟ್ರು ಏನು ಮಾಡಬೇಕು? ನಕಲು ನಡೆಯುತ್ತಿಲ್ಲ ಎಂದು ಮೆಮೊ ಎಲ್ಲೂ ಹೇಳಿಲ್ಲ. ಡಿಟೆಕ್ಟರ್‌ಗೆ ಸಂಬಂಧವೇ ಇಲ್ಲದ ಗುರುತುಗಳನ್ನು ಹುಡುಕಿ ಎನ್ನುತ್ತದೆ. ರೆಫರೆನ್ಸ್ ಪಟ್ಟಿಯಲ್ಲಿರುವ ಪ್ರಬಂಧಗಳು ನಿಜವಾಗಿ ಇವೆಯೇ ಎಂದು ಹುಡುಕಿ ನೋಡುವುದು ಎಲ್ಲಕ್ಕಿಂತ ಸುಲಭ. ಎಐ ಎಷ್ಟೋ ಸಲ ಇಲ್ಲದ ಪ್ರಬಂಧವನ್ನು ಇದೆ ಎಂದು ಬರೆಯುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ವರ್ಷನ್ ಹಿಸ್ಟರಿ ಕೇಳಬಹುದು: ಮೂರು ವಾರ ಅಳಿಸಿ ತಿದ್ದಿ ಬೆಳೆದ ರಿಪೋರ್ಟ್ ಯಾವುದು, ರಾತ್ರಿ ಹನ್ನೊಂದಕ್ಕೆ ಒಂದೇ ಏಟಿಗೆ ಪೇಸ್ಟ್ ಆದದ್ದು ಯಾವುದು ಎಂದು ಕಾಣುತ್ತದೆ. ಪೇಸ್ಟ್ ಆದ ಮಾತ್ರಕ್ಕೆ ಅಪರಾಧ ಅಲ್ಲ, ಬೇರೆ ಕಡೆ ಟೈಪ್ ಮಾಡಿಕೊಂಡಿರಬಹುದು. ಅದಕ್ಕೇ ಕೊನೆಗೆ ವೈವಾ. ಮಣ್ಣಿನ ತೇವ ನೋಡಿ ತಾನಾಗಿಯೇ ನೀರು ಬಿಡುವ ಮೋಟರಿನ ಪ್ರಾಜೆಕ್ಟ್ ಎಂದುಕೊಳ್ಳಿ. 'ಸೆನ್ಸರ್ ಅನ್ನು ಒಣ ಮಣ್ಣಿನಲ್ಲಿ ಇಟ್ಟಾಗ ರೀಡಿಂಗ್ ಎಷ್ಟಿತ್ತು? ಒದ್ದೆ ಮಣ್ಣಿನಲ್ಲಿ? ಎಷ್ಟು ಬಂದರೆ ಮೋಟರ್ ಆನ್ ಆಗಬೇಕು ಅಂತ ಹೇಗೆ ನಿರ್ಧರಿಸಿದಿರಿ?' ಕೆಲಸ ಮಾಡಿದವರು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ತಡವರಿಸಿಯಾದರೂ ಹೇಳುತ್ತಾರೆ.

ಮೆಮೊದಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಡಿಟೆಕ್ಟರ್‌ನಲ್ಲಿ ಸಿಕ್ಕಿದವರನ್ನು ಮಾತ್ರ ವೈವಾಕ್ಕೆ ಕರೆಯಿರಿ ಎಂದಿದೆ. ಹಾಗೆ ಮಾಡಿದರೆ ಸರಳ ಇಂಗ್ಲಿಷ್ ಬರೆಯುವವರೇ ಪ್ರತಿ ಸಲ ಆ ಸಾಲಿನಲ್ಲಿ ನಿಲ್ಲುತ್ತಾರೆ, ಯಂತ್ರದಿಂದ ಸೊಗಸು ಮಾಡಿಸಿಕೊಂಡವರು ಕ್ಯಾಂಟೀನಿನಲ್ಲಿ ಕೂತಿರುತ್ತಾರೆ. 200 ಮಂದಿಗೂ ತಲಾ ಹತ್ತು ನಿಮಿಷ ಎಂದರೆ 33 ಗಂಟೆ ಮೀರುತ್ತದೆ, ಮೇಷ್ಟ್ರುಗಳ ಗೋಳು ಅರ್ಥವಾಗುತ್ತದೆ. ವಿದ್ಯಾರ್ಥಿಗಳ ನೋಂದಣಿ ಸಂಖ್ಯೆಯಾದ ಯುಎಸ್‌ಎನ್ ಬರೆದ ಚೀಟಿ ಎತ್ತಿ 30 ಮಂದಿಯನ್ನು ಕರೆದರೆ ಐದು ಗಂಟೆಯಲ್ಲಿ ಮುಗಿಯುತ್ತದೆ. ಯಾರ ಹೆಸರು ಬರುತ್ತದೋ ಗೊತ್ತಿಲ್ಲದ್ದರಿಂದ 200 ಮಂದಿಯೂ ತಮ್ಮ ರಿಪೋರ್ಟನ್ನು ಒಮ್ಮೆಯಾದರೂ ಓದಿಕೊಂಡು ಬರಬೇಕಾಗುತ್ತದೆ.